ಅಜ್ಜ ಬರೆದ ದೂರು ಪತ್ರ

ನನ್ನ ಅಜ್ಜ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಕಳೆದ ವರ್ಷ 36 ಸಾವಿರ ರೂಪಾಯಿ ಪ್ರೀಮಿಯಂ ಕಟ್ಟಿ ಆರೋಗ್ಯ ವಿಮೆ ಮಾಡಿಸಿದರು. ಏಳನೇ ತಿಂಗಳಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬಿಲ್ 42 ಸಾವಿರ. ಕ್ಲೇಮ್ ತಿರಸ್ಕೃತವಾಯಿತು. ಕಾರಣ: ಪೊರೆಗೆ 24 ತಿಂಗಳ ವೇಟಿಂಗ್ ಪೀರಿಯಡ್ ಇದೆ.

ಅಜ್ಜ ರೇಗಿದ್ದು ಹಣಕ್ಕಲ್ಲ. ‘ಸಾರ್, ಇದರಲ್ಲಿ ವೇಟಿಂಗ್ ಪೀರಿಯಡ್ ಇಲ್ಲ, ಮೊದಲ ದಿನದಿಂದಲೇ ಎಲ್ಲಾ ಕವರ್ ಆಗುತ್ತೆ’ ಎಂದು ಏಜೆಂಟ್ ಹೇಳಿದ್ದು ಸುಳ್ಳು ಎನ್ನುವುದಕ್ಕೆ. ಆ ಸಿಟ್ಟಿನಲ್ಲೇ ನಾಲ್ಕು ಪುಟದ ದೂರು ಬರೆದು, ಟೈಪ್ ಮಾಡಲು ನನ್ನ ಕೈಗೆ ಕೊಟ್ಟರು. ಭಾಷೆ ಸೊಗಸಾಗಿತ್ತು, ಆದರೆ ಅದರಲ್ಲಿ ಒಂದು ತಾರೀಖೂ ಇರಲಿಲ್ಲ.

ಪಾಲಿಸಿಯಲ್ಲಿ ಆ ಷರತ್ತು ಅಚ್ಚಾಗಿಯೇ ಇತ್ತು. ಬಾಯಿಮಾತಿಗೂ ಪತ್ರಕ್ಕೂ ವ್ಯತ್ಯಾಸ ಬಂದರೆ ಕಂಪನಿ ಪತ್ರವನ್ನೇ ಹಿಡಿಯುತ್ತದೆ. ಹಾಗಾಗಿ ‘ಷರತ್ತು ಇಲ್ಲ’ ಎಂದು ವಾದಿಸಿ ಪ್ರಯೋಜನವಿಲ್ಲ. ‘ಷರತ್ತು ಇಲ್ಲವೆಂದು ಹೇಳಿ ಮಾರಿದ್ದೀರಿ’ ಎನ್ನುವುದೇ ನಮ್ಮ ದೂರು. ಅದಕ್ಕೆ ಪುರಾವೆ ಬೇಕು. ಅಜ್ಜನ ವಾಟ್ಸ್‌ಆ್ಯಪ್‌ನಲ್ಲಿ ಏಜೆಂಟನ ಆ ಮಾತು ಬರಹದಲ್ಲೇ ಸಿಕ್ಕಿತು, ಪ್ರೀಮಿಯಂ ಕಟ್ಟುವುದಕ್ಕೆ ಎರಡು ದಿನ ಮೊದಲಿನದು.

ಹೊಸ ಪತ್ರ ಒಂದೇ ಪುಟ. ಮೊದಲು ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ. ಆಮೇಲೆ ಏಜೆಂಟ್ ಯಾವ ದಿನ ಏನು ಬರೆದ, ಹಣ ಯಾವ ದಿನ ಕಟ್ಟಿದ್ದು, ಪಾಲಿಸಿ ಯಾವ ದಿನ ಕೈಸೇರಿತು, ತಿರಸ್ಕಾರದ ಪತ್ರ ಯಾವ ದಿನ ಬಂತು. ಕಂಪನಿ ಖಚಿತಪಡಿಸಿಕೊಳ್ಳಲು ಮಾಡಿದ್ದ ಫೋನ್ ಕರೆಯ ರೆಕಾರ್ಡಿಂಗ್ ಕೂಡ ಕೇಳಿದೆವು. ಕೊನೆಯಲ್ಲಿ ಬೇಡಿಕೆ: ಕ್ಲೇಮ್ ಕೊಡಿ, ಇಲ್ಲವೇ ಸುಳ್ಳು ಹೇಳಿ ಮಾರಿದ ಪಾಲಿಸಿಯ ಪ್ರೀಮಿಯಂ ವಾಪಸ್ ಕೊಡಿ. ‘ವಂಚಕ’ ಎಂಬ ಪದವನ್ನು ಅಜ್ಜ ತಾವೇ ಹೊಡೆದುಹಾಕಿದರು. ‘ತಾರೀಖುಗಳೇ ಅದನ್ನು ಹೇಳುತ್ತವಲ್ಲ’ ಎಂದರು.

ಪತ್ರವನ್ನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿದೆವು. ‘ಷರತ್ತು ಪಾಲಿಸಿಯಲ್ಲಿದೆ’ ಎಂಬ ಎರಡು ಸಾಲಿನ ಉತ್ತರ ಬಂತು. ಏಜೆಂಟನ ಸಂದೇಶದ ಬಗ್ಗೆ ಒಂದಕ್ಷರವೂ ಇಲ್ಲ. ಈಗ ದೂರು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಮುಂದಿದೆ. ಕಂಪನಿ ತಿರಸ್ಕರಿಸಿದರೆ ಅಥವಾ ಒಂದು ತಿಂಗಳು ಉತ್ತರಿಸದಿದ್ದರೆ ಅಲ್ಲಿಗೆ ಹೋಗಬಹುದು. ಒಂದು ವರ್ಷದೊಳಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರೂ ಬೇಡ. ಏಜೆಂಟರ ಸೇವಾಲೋಪವೂ 2021ರಿಂದ ಅವರ ವ್ಯಾಪ್ತಿಯಲ್ಲಿದೆ.

ತೀರ್ಪು ಏನಾಗುತ್ತದೋ ಗೊತ್ತಿಲ್ಲ. ಆದರೆ ನಿಮ್ಮ ಮನೆಯ ಹಿರಿಯರು ಪಾಲಿಸಿ ಮಾಡಿಸಿದ್ದರೆ ಜೊತೆಗೆ ಬರುವ ಗ್ರಾಹಕ ಮಾಹಿತಿ ಹಾಳೆಯನ್ನು ಇವತ್ತೇ ತೆಗೆದು ನೋಡಿ. ಕಾಯುವ ಅವಧಿ ಅದರಲ್ಲಿ ಪ್ರತ್ಯೇಕವಾಗಿ ಇರುತ್ತದೆ. ಕೇಳಿದರೆ ಕನ್ನಡದಲ್ಲೂ ಕೊಡಬೇಕು. ಏಜೆಂಟ್ ಹೇಳಿದ್ದಕ್ಕೂ ಅದಕ್ಕೂ ತಾಳೆಯಾಗದಿದ್ದರೆ, ಪಾಲಿಸಿ ಕೈಸೇರಿದ 30 ದಿನದೊಳಗೆ ಹಿಂತಿರುಗಿಸಬಹುದು. ಸಣ್ಣ ಕಡಿತ ಬಿಟ್ಟು ಹಣ ವಾಪಸ್ ಬರುತ್ತದೆ. ಆಗ ದೂರು ಪತ್ರ ಬರೆಯುವ ಪ್ರಮೇಯವೇ ಬರುವುದಿಲ್ಲ.