ಮಿನಿಮಮ್ ಕಟ್ಟಿದರೆ ಬಡ್ಡಿ ನಿಲ್ಲುವುದಿಲ್ಲ

ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ ಎರಡು ಮೊತ್ತಗಳು ಪಕ್ಕಪಕ್ಕದಲ್ಲೇ ಇರುತ್ತವೆ. ಒಂದು ಒಟ್ಟು ಬಾಕಿ, ಇನ್ನೊಂದು ಮಿನಿಮಮ್ ಡ್ಯೂ. ಕೈ ಬಿಗಿಯಾದ ತಿಂಗಳಲ್ಲಿ ಕಣ್ಣು ಹೋಗುವುದು ಎರಡನೆಯದರ ಮೇಲೆ. ಅಷ್ಟು ಕಟ್ಟಿದರೆ ತಡಪಾವತಿ ದಂಡ ಬೀಳುವುದಿಲ್ಲ, ಸುಸ್ತಿದಾರರ ಪಟ್ಟಿಗೆ ಹೆಸರು ಸೇರುವುದಿಲ್ಲ. ಅದರಿಂದ ಸಿಗುವ ರಕ್ಷಣೆ ಅಷ್ಟೇ. ಬಡ್ಡಿಗೆ ಅದು ತಡೆಯಲ್ಲ.

ಹುಬ್ಬಳ್ಳಿಯ ಒಬ್ಬ ಶಿಕ್ಷಕಿಯ ಲೆಕ್ಕವನ್ನು ಊಹಿಸಿಕೊಳ್ಳೋಣ. ಅವರ ಕಾರ್ಡಿನ ಬಿಲ್ ಪ್ರತಿ ತಿಂಗಳು 15ರಂದು ತಯಾರಾಗುತ್ತದೆ. ಹಣ ಕಟ್ಟಲು ಕೊನೆಯ ದಿನ ಮುಂದಿನ ತಿಂಗಳ 4. ಜೂನ್ 16ರಂದು ಏನಾದರೂ ಕೊಂಡರೆ ಅದು ಜುಲೈ 15ರ ಬಿಲ್ಲಿಗೆ ಬರುತ್ತದೆ, ಆಗಸ್ಟ್ 4ರವರೆಗೆ 49 ದಿನ ಸಿಗುತ್ತದೆ. ಅದನ್ನೇ ಜುಲೈ 14ರಂದು ಕೊಂಡರೆ ಸಿಗುವುದು 21 ದಿನ ಮಾತ್ರ. ಜಾಹೀರಾತಿನಲ್ಲಿ ಕಾಣುವ ‘50 ದಿನಗಳವರೆಗೆ ಬಡ್ಡಿ ಇಲ್ಲ’ ಎಂಬ ಮಾತಿನಲ್ಲಿ ‘ವರೆಗೆ’ ಎಂಬುದಕ್ಕೆ ಇದೇ ಅರ್ಥ. ಈ ಸೌಲಭ್ಯಕ್ಕೆ ಒಂದು ಷರತ್ತಿದೆ: ಬಿಲ್ಲಿನ ಪೂರ್ತಿ ಮೊತ್ತ ಕೊನೆಯ ದಿನದೊಳಗೆ ಸಂದಾಯವಾಗಿರಬೇಕು. ಎಟಿಎಂನಿಂದ ಕಾರ್ಡಿನಲ್ಲಿ ನಗದು ತೆಗೆದರಂತೂ ಒಂದು ದಿನದ ವಿನಾಯಿತಿಯೂ ಇಲ್ಲ.

ಶಿಕ್ಷಕಿ ಜೂನ್ 20ರಂದು 40,000 ರೂಪಾಯಿಯ ಫ್ರಿಜ್ ಕೊಂಡರು. ಜುಲೈ 15ರ ಬಿಲ್ಲಿನಲ್ಲಿ ಮಿನಿಮಮ್ ಡ್ಯೂ ಶೇ 5ರಂತೆ 2,000 ರೂಪಾಯಿ. ಆಗಸ್ಟ್ 4ರಂದು ಅಷ್ಟನ್ನೇ ಕಟ್ಟಿದರು. ಇನ್ನು 38,000 ಉಳಿಯಿತು, ಆಗಸ್ಟ್ 5ರಿಂದ ಅದಕ್ಕೆ ಬಡ್ಡಿ ಬೀಳಬಹುದು ಎಂದು ಅವರ ಎಣಿಕೆ. ಹೆಚ್ಚಿನವರ ಎಣಿಕೆಯೂ ಹೀಗೆಯೇ ಇರುತ್ತದೆ.

ಬ್ಯಾಂಕಿನ ಲೆಕ್ಕ ಬೇರೆ. ಷರತ್ತು ಮುರಿದ ಕಾರಣ ವಿನಾಯಿತಿಯೇ ರದ್ದಾಗಿ, ಬಡ್ಡಿ ಫ್ರಿಜ್ ಕೊಂಡ ದಿನಕ್ಕೇ ಹಿಂದೆ ಸರಿಯುತ್ತದೆ. ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42 ದರ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಇದು ಅಪರೂಪದ ದರವೇನಲ್ಲ. ಜೂನ್ 20ರಿಂದ ಆಗಸ್ಟ್ 4ರವರೆಗೆ 45 ದಿನ, ಪೂರ್ತಿ 40,000ದ ಮೇಲೆ ಬಡ್ಡಿ 2,071 ರೂಪಾಯಿ. ಅಲ್ಲಿಂದ ಆಗಸ್ಟ್ 15ರವರೆಗೆ 11 ದಿನ, 38,000ದ ಮೇಲೆ 481. ಒಟ್ಟು ಬಡ್ಡಿಗೆ ಶೇ 18 ಜಿಎಸ್‌ಟಿ ಸೇರಿಸಿದರೆ ಸುಮಾರು 3,012 ರೂಪಾಯಿ. ಆಗಸ್ಟ್ ಬಿಲ್ಲಿನಲ್ಲಿ ಕಾಣುವ ಬಾಕಿ 41,012. ಎರಡು ಸಾವಿರ ಕಟ್ಟಿದ ಮೇಲೂ ಸಾಲ ಒಂದು ಸಾವಿರ ಹೆಚ್ಚಾಗಿದೆ!

ಮುಂದಿನ ತಿಂಗಳುಗಳಲ್ಲಿ ಬೆಳವಣಿಗೆಯ ದಾರಿ ಸ್ವಲ್ಪ ಬದಲಾಗುತ್ತದೆ. ಮಿನಿಮಮ್ ಕಟ್ಟಿದರೂ ಬಾಕಿ ಏರುತ್ತಲೇ ಹೋಗುವಂತೆ ಷರತ್ತು ಇರಬಾರದು ಎಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಹೇಳುತ್ತದೆ. ಹಾಗಾಗಿ ಶೇ 5 ಕಟ್ಟಿದರೆ ಬಾಕಿ ಇಳಿಯುತ್ತದೆ, ಆದರೆ ಎಷ್ಟು? ನೂರು ರೂಪಾಯಿ ಬಾಕಿಗೆ ಐದು ಕಟ್ಟಿದರೆ ಅದರಲ್ಲಿ ನಾಲ್ಕು ರೂಪಾಯಿಗಿಂತ ಹೆಚ್ಚು ಬಡ್ಡಿಗೂ ತೆರಿಗೆಗೂ ಹೋಗುತ್ತದೆ. ಅಸಲಿಗೆ ಸೇರುವುದು ಒಂದು ರೂಪಾಯಿಗೂ ಕಡಿಮೆ. 41,012ರ ಬಾಕಿಯಲ್ಲಿ ಶಿಕ್ಷಕಿ ಎರಡು ಸಾವಿರಕ್ಕೂ ಮಿಕ್ಕಿ ಕಟ್ಟಿದಾಗ ಸಾಲ ತಗ್ಗುವುದು ನಾಲ್ಕುನೂರರ ಆಸುಪಾಸು. ಆ ತಿಂಗಳು ಅದೇ ಕಾರ್ಡಿನಲ್ಲಿ ಐನೂರು ರೂಪಾಯಿಯ ದಿನಸಿ ತಂದರೂ ಸಾಲ ಮತ್ತೆ ಮೇಲಕ್ಕೆ.

ಆ ದಿನಸಿಗೂ ಈಗ ಬಡ್ಡಿರಹಿತ ದಿನಗಳಿಲ್ಲ. ಹಳೆಯ ಬಾಕಿ ಮುಂದುವರಿಯುತ್ತಿರುವಷ್ಟು ಕಾಲ ಪ್ರತಿ ಹೊಸ ಖರೀದಿಯ ಮೇಲೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಕಾರ್ಡ್ ಸಾಲದಲ್ಲಿ ಅತಿ ಹೆಚ್ಚು ಜನ ಗಮನಿಸದ ಸಂಗತಿ ಇದು, ಅತಿ ಹೆಚ್ಚು ಹಾನಿ ಮಾಡುವುದೂ ಇದೇ. ಬಿಲ್ಲಿನಲ್ಲಿ ‘ಫೈನಾನ್ಸ್ ಚಾರ್ಜಸ್’ ಎಂಬ ಸಾಲು ಇದೆಯೇ ಎಂದು ನೋಡಿದರೆ ವಿನಾಯಿತಿ ತಪ್ಪಿದ್ದು ತಿಳಿಯುತ್ತದೆ.

ದರಕ್ಕೆ ಕಡಿವಾಣ ಹಾಕುವ ಪ್ರಯತ್ನವೂ ನಡೆದಿತ್ತು. ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ವಸೂಲಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಆ ಮಿತಿಯ ಆಸರೆ ಗ್ರಾಹಕರಿಗೆ ಈಗಿಲ್ಲ.

ಹೊರಬರಲು ಶಿಕ್ಷಕಿ ಮೊದಲು ಆ ಕಾರ್ಡಿನಲ್ಲಿ ಹೊಸ ಖರೀದಿ ನಿಲ್ಲಿಸಬೇಕು. ಬಡ್ಡಿ ದಿನಲೆಕ್ಕದಲ್ಲಿ ಬೀಳುವುದರಿಂದ ಕೈಗೆ ಹಣ ಬಂದ ದಿನವೇ ಕಟ್ಟಬೇಕು, ಕೊನೆಯ ದಿನಕ್ಕೆ ಕಾಯಬಾರದು. ಬಾಕಿ ದೊಡ್ಡದಾಗಿದ್ದರೆ ಕಡಿಮೆ ಬಡ್ಡಿಯ ಸಾಲ ತಂದು ಕಾರ್ಡ್ ತೀರಿಸುವುದು ಅಥವಾ ಬಾಕಿಯನ್ನೇ ಇಎಂಐ ಮಾಡಿಸುವುದು ಅಗ್ಗ. ಇಎಂಐ ಆದರೆ ಪ್ರೊಸೆಸಿಂಗ್ ಶುಲ್ಕವನ್ನೂ ಸೇರಿಸಿ ಹೋಲಿಸಬೇಕು. ಪೂರ್ತಿ ತೀರಿಸಿದ ಮೇಲೂ ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಬಡ್ಡಿ ಬರುವುದುಂಟು. ಅದು ಹಿಂದಿನ ಬಿಲ್ ತಯಾರಾದ ದಿನದಿಂದ ಹಣ ಕಟ್ಟಿದ ದಿನದವರೆಗಿನದು. ಅದನ್ನೂ ಕಟ್ಟಿ, ಬಾಕಿ ಸೊನ್ನೆ ತೋರಿಸುವ ಬಿಲ್ ಬಂದ ಮೇಲೆಯೇ ಕಾರ್ಡನ್ನು ಮತ್ತೆ ಬಳಸುವುದು ಸುರಕ್ಷಿತ.