ಹೂರಣ ಕಿಟಕಿ ತೆಗೆದಾಗ

ಯುಗಾದಿಯ ಒಬ್ಬಟ್ಟಿಗೆ ಇಬ್ಬರು ಬೇಕು. ಒಬ್ಬರು ತಟ್ಟಬೇಕು, ಇನ್ನೊಬ್ಬರು ಬೇಯಿಸಬೇಕು. ತಟ್ಟುವವರ ತಪ್ಪು ಬೇಯಿಸುವವರ ಕಾವಲಿಯ ಮೇಲೆ ಬಯಲಾಗುತ್ತದೆ. ಕಣಕ ಹರಿದರೆ ಹೂರಣ ಕಾವಲಿಗೆ ಅಂಟಿ ಸೀಯುತ್ತದೆ, ಅದನ್ನು ಕೆರೆದು ಒರೆಸುವ ತನಕ ಮುಂದಿನದನ್ನು ಹಾಕುವಂತಿಲ್ಲ. ಬೇಯಿಸುವವರು ಉರಿ ಜೋರು ಮಾಡಿದರೆ ತಟ್ಟಿದವರ ಶ್ರಮ ಕಪ್ಪಾಗುತ್ತದೆ. ಹಳೆ ಮೈಸೂರು ಕಡೆಯ ಬಹಳಷ್ಟು ಮನೆಗಳಲ್ಲಿ ಈ ಎರಡು ಜಾಗದಲ್ಲಿ ನಿಲ್ಲುವವರು ಅತ್ತೆ ಮತ್ತು ಸೊಸೆ. ಮೇಲಾಗಿ, ವರ್ಷದ ಮೊದಲ ದಿನ ಬೈದಾಡಿದರೆ, ಅತ್ತರೆ, ವರ್ಷವಿಡೀ ಅದೇ ಎಂಬ ನಂಬಿಕೆ ಬೇರೆ. ತಪ್ಪು ಕಣ್ಣೆದುರಿಗೇ ಇದೆ, ಗದರುವಂತಿಲ್ಲ, ಸುಮ್ಮನಿರಲೂ ಆಗುವುದಿಲ್ಲ. ಆಗ ಬಾಯಿಗೆ ಬರುವುದು ತಮಾಷೆ.

ಮಂಡ್ಯದಲ್ಲಿ ನನಗೆ ಹತ್ತಿರದ ಒಂದು ಮನೆಯಿದೆ. ಅಲ್ಲಿಯ ಸೊಸೆ ಧಾರವಾಡದ ಕಡೆಯವಳು. ಅವಳ ತವರಲ್ಲಿ ಹೋಳಿಗೆಗೆ ಕಡಲೆಬೇಳೆ, ಕಣಕಕ್ಕೆ ಗೋಧಿಹಿಟ್ಟು, ಲಟ್ಟಿಸಲು ಲಟ್ಟಣಿಗೆ. ಈ ಮನೆಯಲ್ಲಿ ತೊಗರಿಬೇಳೆ, ಕಣಕಕ್ಕೆ ಚಿರೋಟಿ ರವೆ ಮತ್ತು ಮೈದಾ, ತಟ್ಟಲು ಬಾಳೆಎಲೆ ಮತ್ತು ಎಣ್ಣೆ ಸವರಿದ ಬೆರಳು. ಮದುವೆಯಾದ ಮೊದಲ ಯುಗಾದಿಯಲ್ಲಿ ಅವಳು ಹೇಳಿದ್ದನ್ನು ಮಾಡಿ ಸುಮ್ಮನೆ ನಿಂತಿದ್ದಳಂತೆ. ಅತ್ತೆಯೂ ಆ ವರ್ಷ ಒಂದೂ ಕೀಟಲೆಯ ಮಾತಾಡಲಿಲ್ಲ. ಎರಡನೆಯ ವರ್ಷ ಅವರೇ ಕಡಲೆಬೇಳೆ ತರಿಸಿ, "ಈ ಸಲ ನಿಮ್ಮೂರಿನ ಥರ ಮಾಡವ್ವ, ನಾನು ಪಕ್ಕದಲ್ಲಿ ನಿಂತು ಕಲೀತೀನಿ" ಎಂದರು. ಆ ದಿನ ಲಟ್ಟಣಿಗೆಗೆ ಕಣಕ ಸುತ್ತಿಕೊಂಡು ಪೇಚಾಡಿದ್ದು ಅತ್ತೆ. ಸೊಸೆ ತಡೆಯಲಾಗದೆ, "ಅತ್ತೀ, ಹೋಳಿಗಿ ಲಟ್ಟಣಿಗಿಗೆ ಸೀರಿ ಉಡಸಾಕತ್ತೀರೇನ್ರಿ?" ಎಂದುಬಿಟ್ಟಳು. ಅಂದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆ ನಕ್ಕು, "ಉಡಿಸೋಕೂ ಬರಲಿಲ್ವಲ್ಲ, ನೀನೇ ನೆರಿಗೆ ಹಿಡಿದು ಕೊಡು ಬಾ" ಎಂದರು. ಆ ಮನೆಯಲ್ಲಿ ಕೀಟಲೆ ಶುರುವಾದದ್ದು ಹಾಗೆ.

ಆ ಕ್ರಮ ನನಗೆ ಮುಖ್ಯವಾಗಿ ಕಾಣುತ್ತದೆ. ಮಾನವಶಾಸ್ತ್ರಜ್ಞ ಎ. ಆರ್. ರ್ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನದಲ್ಲಿ, ಕೆಲವು ಸಂಬಂಧಗಳಲ್ಲಿ ಗೇಲಿ ಮಾಡಲು ರೂಢಿಯೇ ಅನುಮತಿ ಕೊಟ್ಟಿರುತ್ತದೆ, ಕೇಳಿಸಿಕೊಂಡವರು ಬೇಸರ ಮಾಡಿಕೊಳ್ಳಬಾರದು ಎಂಬುದೂ ರೂಢಿಯೇ ಎಂದು ವಿವರಿಸಿದರು. ಮದುವೆಯಿಂದ ಹತ್ತಿರ ಬಂದ ಎರಡು ಕಡೆಯವರು ಜಗಳವಿಲ್ಲದೆ ಬಾಳಲು ಎರಡು ದಾರಿ: ಒಂದೋ ಗೌರವದ ಅಂತರ, ಇಲ್ಲವೇ ಒಪ್ಪಿತವಾದ ತಮಾಷೆ. ನಮ್ಮಲ್ಲಿ ಭಾವ–ನಾದಿನಿ, ಅತ್ತಿಗೆ–ಮೈದುನರಿಗೆ ಎರಡನೆಯ ದಾರಿ ಮೊದಲಿಂದಲೂ ತೆರೆದಿದೆ. ಬೀಗರನ್ನು ಹಾಡಿನಲ್ಲೇ ಗೇಲಿ ಮಾಡುವ ಪದ್ಧತಿಯೂ ಇದೆ. ಅತ್ತೆ–ಸೊಸೆಗೆ ಮಾತ್ರ ರೂಢಿ ಕೊಟ್ಟದ್ದು ಅಂತರ. ಮದುವೆಯಾದ ವರ್ಷದ ಆಷಾಢದಲ್ಲಿ ಇಬ್ಬರೂ ಒಂದೇ ಹೊಸಿಲು ದಾಟಬಾರದೆಂದು ಸೊಸೆಯನ್ನು ತವರಿಗೆ ಕಳಿಸುವುದು ಇಂದಿಗೂ ಹಲವು ಮನೆಗಳಲ್ಲಿ ನಡೆದಿದೆ. ಸೋದರತ್ತೆಯ ಮಗನನ್ನೇ ಮದುವೆಯಾದ ಹುಡುಗಿಗೆ ಅತ್ತೆಯ ಜೊತೆ ಬಾಲ್ಯದ ಸಲಿಗೆ ಇರಬಹುದು. ಹೊರಗಿನಿಂದ ಬಂದವಳಿಗೆ ಅದಿಲ್ಲ. ಹಾಗಾಗಿ ಇಲ್ಲಿ ತಮಾಷೆಯ ಅನುಮತಿಯನ್ನು ಯಾರಾದರೂ ಕೊಡಬೇಕು, ಕೊಡಲು ಆಗುವುದು ಮನೆಯಲ್ಲಿ ಮೊದಲಿಂದ ಇರುವ ಅತ್ತೆಗೆ ಮಾತ್ರ. ಆ ಅತ್ತೆ ತಮಗೆ ಬಾರದ ಕೆಲಸಕ್ಕೆ ಕೈ ಹಾಕಿ, ಸೊಸೆ ನಗಲು ಅವಕಾಶ ಮಾಡಿಕೊಟ್ಟರು.

ಮೂರನೆಯ ವರ್ಷ ಮತ್ತೆ ಮಂಡ್ಯದ ಒಬ್ಬಟ್ಟು. ಅರ್ಧ ಕೆಜಿ ತೊಗರಿಬೇಳೆಗೆ ಅರ್ಧ ಕೆಜಿ ಬೆಲ್ಲ. ಬೇಳೆ ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ಕರಗಿರಬಾರದು. ಕಟ್ಟು ಬಸಿದು ಸಾರಿಗೆ ಎತ್ತಿಟ್ಟು, ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿ ರುಬ್ಬಬೇಕು. ಸೊಸೆ ಕಟ್ಟನ್ನು ಪೂರ್ತಿ ಬಸಿದಿರಲಿಲ್ಲ. ಬೆಲ್ಲ ಬಿದ್ದೊಡನೆ ಹೂರಣ ನೀರೊಡೆಯಿತು. "ಇದೇನವ್ವ, ಒಬ್ಬಟ್ಟೂ ಸಾರೂ ಒಂದೇ ಪಾತ್ರೇಲಿ ಮಾಡ್ಬಿಟ್ಟೆ?" ಎನ್ನುತ್ತಲೇ ಅತ್ತೆ ಬಾಣಲೆ ಒಲೆಯ ಮೇಲಿಟ್ಟು ಹೂರಣವನ್ನು ಮಗುಚತೊಡಗಿದರು. ಉಂಡೆ ಕಟ್ಟಿದರೆ ಅಂಗೈಗೆ ಅಂಟದ ಹದಕ್ಕೆ ಬರುವ ತನಕ ಇಬ್ಬರೂ ಸರದಿಯಲ್ಲಿ ಕೈಯಾಡಿಸಿದರು.

ಮುಂದಿನ ತೊಡಕು ಕಣಕದ್ದು. ಕಲಸಿ ಎಣ್ಣೆಯಲ್ಲಿ ಎರಡು ಗಂಟೆಯಾದರೂ ನೆನೆಯಬೇಕು. ಕಣಕವೂ ಹೂರಣವೂ ಒಂದೇ ಮೆದುವಿರಬೇಕು, ಕಣಕ ಬಿಗಿಯಾದರೆ ತಟ್ಟುವಾಗ ಹರಿಯುತ್ತದೆ. ಆ ದಿನ ಕಣಕ ಕಲಸಿದ್ದು ಅತ್ತೆ, ತಟ್ಟುತ್ತಿದ್ದದ್ದು ಸೊಸೆ. ಮೊದಲನೆಯದೇ ಹರಿಯಿತು.

"ನಿನ್ನ ಹೂರಣ ಕಿಟಕಿ ತೆಗೆದು ಬೀದಿ ನೋಡ್ತಾ ಇದೆ."

"ನಿಮ್ಮ ಕಣಕ ಬಾಳ ಬಿಗಿ ಹಿಡದೈತ್ರಿ ಅತ್ತಿ. ಚೈತ್ರದ ಸೆಕಿ, ಪಾಪ, ಗಾಳಿ ಬೇಕಂತ ಅದಕ್ಕ."

ಅತ್ತೆ ಕಣಕವನ್ನು ಬೆರಳಲ್ಲಿ ಎಳೆದು ನೋಡಿದರು, ಹೌದೆಂದರು, ಎಣ್ಣೆ ಹಾಕಿ ಮತ್ತೆ ನಾದಿದರು. ಆ ತಮಾಷೆಯ ಒಳಗೆ ಒಂದು ನಿಜವಾದ ತಕರಾರಿತ್ತು, ಅದು ತಲುಪಿತು, ಸರಿಯೂ ಆಯಿತು. "ಕಣಕ ಗಟ್ಟಿ ಕಲಸಿದ್ದೀರಿ" ಎಂದು ನೇರ ಹೇಳುವುದು ಆ ಸೊಸೆಗೆ ಕಷ್ಟವಿತ್ತು.

ಈ ಕೀಟಲೆಗಳೆಲ್ಲ ಬೇಳೆ, ಹೂರಣ, ಕಣಕ, ಕಾವಲಿಗಳ ಸುತ್ತಲೇ ಇದ್ದವು. ಅಂದರೆ ಈಗಲೇ ಸರಿಪಡಿಸಬಹುದಾದ ವಸ್ತುಗಳ ಸುತ್ತ. ಅಂದವರ ಕೈಯೂ ಕೆಲಸಕ್ಕೆ ಬಂದಿತ್ತು, ಮಾತು ಎರಡೂ ಕಡೆಯಿಂದ ಹೋಗಿ ಬಂದಿತ್ತು. ಅದೇ ಅತ್ತೆ ನೀರಾದ ಹೂರಣ ನೋಡಿ "ನಿಮ್ಮಮ್ಮ ಇಷ್ಟೂ ಕಲಿಸಲಿಲ್ವಾ?" ಎಂದಿದ್ದರೆ? ನಗುತ್ತಲೇ ಅಂದಿದ್ದರೂ ಅದು ಮೂದಲಿಕೆ. ಹೂರಣವನ್ನು ಮಗುಚಿ ಹದಕ್ಕೆ ತರಬಹುದು, ತವರನ್ನು ಸೊಸೆ ಏನು ಮಾಡಿಯಾಳು? ಮೈಬಣ್ಣ, ದಪ್ಪ, ಮಕ್ಕಳಾಗದಿರುವುದು, ಮದುವೆಯಲ್ಲಿ ಕೊಟ್ಟ ಉಡುಗೊರೆ ಇವೆಲ್ಲ ಇದೇ ಸಾಲಿನವು. ಸೊಸೆಗೂ ಇಂಥ ಗೆರೆಯಿದೆ. ಅತ್ತೆಯ ನಡುಗುವ ಕೈ, ಮಂದವಾದ ಕಣ್ಣು, ಮರೆವು ಅವಳ ತಮಾಷೆಗೆ ಸಲ್ಲವು.

ಇನ್ನೊಂದು ಅಪಾಯ ಊಟದ ಹೊತ್ತಿನದು. ಒಲೆಯ ಮುಂದೆ ಇಬ್ಬರ ನಡುವೆ ಚೆಂದವಿದ್ದ ಮಾತನ್ನು ಪಂಕ್ತಿಯಲ್ಲಿ ಭಾವಮೈದುನ, ನಾದಿನಿಯರ ಮುಂದೆ "ನಮ್ಮ ಸೊಸೆ ಇವತ್ತು ಹೂರಣದ ಸಾರು ಮಾಡಿದ್ಲು" ಎಂದು ಹೇಳಿದರೆ, ಎಲ್ಲರೂ ನಗುತ್ತಾರೆ, ತಿರುಗಿ ಹೇಳಲು ಅವಳಿಗೆ ಬಾಯಿರುವುದಿಲ್ಲ. ಮಂಡ್ಯದ ಆ ಅತ್ತೆ ಬಡಿಸುವಾಗ ಹೇಳಿದ್ದು ಇಷ್ಟೇ: "ಕಣಕ ನಂದು ಕೆಟ್ಟಿತ್ತು, ಇವಳು ಉಳಿಸಿದಳು."

ತಮಾಷೆ ಹಳಸಿದ್ದು ತಿಳಿಯುವುದು ಹೇಗೆ? ಎದುರುತ್ತರ ನಿಲ್ಲುತ್ತದೆ. "ಅತ್ತೀ" ಎಂಬ ಕರೆ ಹೋಗಿ ಬರೀ "ಆಯ್ತ್ರಿ" ಉಳಿಯುತ್ತದೆ. ಪಾತ್ರೆಗಳ ಸದ್ದು ಜೋರಾಗುತ್ತದೆ, ಮಗುವಿಗೆ ಸುಮ್ಮಸುಮ್ಮನೆ ಏಟು ಬೀಳುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ಹಿರಿಯರು ಹೇಳಿದ್ದು ಇದನ್ನೇ. ಅಂಥ ಹೊತ್ತಿನಲ್ಲಿ ಅತ್ತೆಯಂದಿರಲ್ಲಿ ನನ್ನದೊಂದು ವಿನಂತಿ: "ತಮಾಷೆಗೆ ಅಂದೆ, ಅಷ್ಟಕ್ಕೇ ಮುಖ ಊದಿಸಿದ್ಯಾ?" ಎನ್ನಬೇಡಿ. ಅದು ಎರಡನೆಯ ಏಟು. ಒಲೆ ಸಣ್ಣಗೆ ಮಾಡಿ, ಪಕ್ಕಕ್ಕೆ ಕರೆದು, ಯಾವ ಮಾತು ನೋಯಿಸಿತು ಎಂದು ಕೇಳಿ. ಅವಳು ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ, ಆ ಮಾತನ್ನು ಮತ್ತೆ ಆಡಬೇಡಿ.