ಕಾರ್ಟ್‌ನಲ್ಲೇ ಉಳಿದ ರವಿಕೆ

ಗುಳೇದಗುಡ್ಡದ ಖಣದಲ್ಲಿ ಹೊಲಿದ ರೆಡಿಮೇಡ್ ರವಿಕೆಗಳನ್ನು ಆನ್‌ಲೈನಿನಲ್ಲಿ ಮಾರುವ ಪುಟ್ಟ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ರಾತ್ರಿ ಹತ್ತೂವರೆಗೆ ಒಬ್ಬಾಕೆ 850 ರೂಪಾಯಿಯ ರವಿಕೆಯನ್ನು ಕಾರ್ಟ್‌ಗೆ ಹಾಕಿ, ಹಣ ಕಟ್ಟದೆ ಹೊರಟುಹೋಗುತ್ತಾರೆ. ಅವರಿಗೆ ನೆನಪಿನ ಮೇಲ್ ಹೋಗಬೇಕಾದರೆ ವಿಳಾಸ ಮೊದಲೇ ಸಿಕ್ಕಿರಬೇಕು. ಆದ್ದರಿಂದ ಚೆಕ್‌ಔಟ್‌ನ ಮೊದಲ ಸಾಲಿನಲ್ಲೇ ಇಮೇಲ್ ಕೇಳಿ, ಪಕ್ಕದಲ್ಲೊಂದು ಒಪ್ಪಿಗೆಯ ಚೌಕವಿಡಿ; ಅದಕ್ಕೆ ನೀವೇ ಟಿಕ್ ಹಾಕಿಡಬೇಡಿ. ಅಳತೆಪಟ್ಟಿಯನ್ನು ಮೇಲ್‌ನಲ್ಲಿ ಕಳಿಸುತ್ತೇವೆ ಎಂದರೂ ಜನ ವಿಳಾಸ ಕೊಡುತ್ತಾರೆ, ಅದೂ ನಿಜಕ್ಕೂ ಹಾಕಿಕೊಳ್ಳುವವರು.

ಆಕೆ ಹೋದದ್ದೇಕೆ? ಬಟ್ಟೆಯ ವಿಷಯದಲ್ಲಿ ಅಳತೆಯ ಅನುಮಾನವಿರಬಹುದು: 36 ಸಾಕೇ, 38 ಬೇಕೇ? ಅದಕ್ಕೇ ಒಂದು ಗಂಟೆಯ ನಂತರದ ಮೊದಲ ಮೇಲ್‌ನಲ್ಲಿ ಆ ರವಿಕೆಯ ಫೋಟೊ, ಎದೆಸುತ್ತಳತೆ, ಒಳಗೆ ಬಿಟ್ಟಿರುವ ಹೊಲಿಗೆಯಂಚು, ಬದಲಾಯಿಸಿಕೊಳ್ಳುವ ಬಗೆ, ಕೊರಿಯರ್ ಖರ್ಚು ಇರಲಿ. ಜೊತೆಗೆ ನೇರ ಕಾರ್ಟ್‌ಗೆ ಒಯ್ಯುವ ಲಿಂಕ್. ಮರುದಿನ ಸಂಜೆ ಇನ್ನೊಂದು ಸಾಕು. ಅದರಲ್ಲಿ ಪ್ರತಿ ಸಲ ರಿಯಾಯಿತಿ ಕೊಟ್ಟರೆ ಗಿರಾಕಿಗಳು ಬೇಕೆಂದೇ ಕಾರ್ಟ್ ಬಿಟ್ಟುಹೋಗಿ ಕಾಯುವುದನ್ನು ಕಲಿಯುತ್ತಾರೆ. ಹಳೇ ಗಿರಾಕಿಗಳೇ ಪದೇಪದೇ ಕೂಪನ್‌ನಿಂದ ಕೊಳ್ಳುತ್ತಿದ್ದರೆ ಅದು ಶುರುವಾಗಿದೆ ಎಂದರ್ಥ.

ಆಕೆ ಅಷ್ಟರೊಳಗೆ ವಾಟ್ಸಾಪ್‌ನಲ್ಲಿ ಆರ್ಡರ್ ಕೊಟ್ಟಿದ್ದರೆ? ಸಾಫ್ಟ್‌ವೇರ್‌ಗೆ ಅದು ಗೊತ್ತಾಗದು. ಅಂಥ ಆರ್ಡರ್‌ಗಳನ್ನು ಕೂಡಲೇ ಅಂಗಡಿಯ ಲೆಕ್ಕಕ್ಕೆ ಸೇರಿಸಿ, ಉಳಿದ ಮೇಲ್‌ಗಳನ್ನು ನಿಲ್ಲಿಸಬೇಕು. ಕಳಿಸುವ ವಿಳಾಸವೂ ಅಂಗಡಿಯ ಸ್ವಂತ ಡೊಮೈನ್‌ನದಾಗಿರಲಿ. ಉಚಿತ ಜಿಮೇಲ್ ವಿಳಾಸದ ಹೆಸರಿನಲ್ಲಿ ಮೇಲ್ ಸೇವೆಯಿಂದ ಕಳಿಸಿದ್ದು ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವುದೇ ಹೆಚ್ಚು.